ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಈ ಗಾದೆಯನ್ನು ಕನ್ನಡಿಗರು ಸರ್ಕಾರದ ಮೇಲೆ ಬಳಸಿದ್ದಾರೆ, ಮೇಲಧಿಕಾರಿಯ ಮೇಲೆ ಬಳಸಿದ್ದಾರೆ, ಬೀಗರ ಮೇಲೂ ಬಳಸಿದ್ದಾರೆ. ನಿಜವಾದ ಜ್ವರದ ಮಾತು ಬಂದಾಗ ಮಾತ್ರ ಅದು ಯಾರಿಗೂ ನೆನಪಾಗುವುದಿಲ್ಲ. ಪ್ರತಿ ಬೇಸಿಗೆಯಲ್ಲೂ ಬಿಸಿಲಿಗೆ ಕುಸಿದವರ ಬಾಯಿಗೆ ಜ್ವರದ ಮಾತ್ರೆ ಹಾಕಲಾಗುತ್ತದೆ. ಮಳೆಗಾಲದಲ್ಲಿ ಜ್ವರಕ್ಕೆ ನಡುಗುವ ಮಕ್ಕಳ ಮೇಲೆ, ಬಿಸಿಲಿಗೆ ಕುಸಿದವರಿಗೆ ಸಲ್ಲಬೇಕಾದ ತಣ್ಣೀರು ಸುರಿಯಲಾಗುತ್ತದೆ. ಎರಡೂ ಕಡೆ ಥರ್ಮಾಮೀಟರ್ ತೋರಿಸುವುದು ಒಂದೇ ಅಂಕಿ. ಆ ಅಂಕಿಯನ್ನೇ ಕಾಯಿಲೆ ಎಂದು ನಂಬಿರುವುದರಿಂದ ಈ ಅದಲು ಬದಲು ನಡೆಯುತ್ತಿದೆ, ಅದರಿಂದ ಜನ ಸಾಯುತ್ತಿದ್ದಾರೆ.

ಎರಡು ದೃಶ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಮೊದಲನೆಯದು ಪುಣೆಯ ಒಂದು ಫ್ಲ್ಯಾಟ್, ಆಗಸ್ಟ್ ತಿಂಗಳ ರಾತ್ರಿ. ಆರು ವರ್ಷದ ಹುಡುಗಿಗೆ ಸಂಜೆಯಿಂದ ಮೈಕೈ ನೋವು. ಈಗ ಹಲ್ಲು ಕಟಕಟ ಎನ್ನುವಷ್ಟು ಚಳಿ. ಅಂಗೈ ಅಂಗಾಲು ತಣ್ಣಗೆ, ಹೊಟ್ಟೆ ಬೆನ್ನು ಸುಡುತ್ತಿವೆ. ಒಂದು ಗಂಟೆಯೊಳಗೆ ಥರ್ಮಾಮೀಟರ್ 101ರಿಂದ 104 ಡಿಗ್ರಿಗೆ ಏರಿದೆ. ಹುಡುಗಿ ಹೊದಿಕೆ ಕೇಳುತ್ತಿದ್ದಾಳೆ, ಅಪ್ಪ ಹೊದಿಕೆ ಕಿತ್ತು ಫ್ಯಾನ್ ಹಾಕಿದ್ದಾನೆ, ಅಮ್ಮ ಫ್ರಿಜ್ಜಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈಯೆಲ್ಲ ಒರೆಸುತ್ತಿದ್ದಾಳೆ.

ಎರಡನೆಯದು ಹೈದರಾಬಾದಿನ ಹೊರವಲಯದ ಕಟ್ಟಡ ಕಾಮಗಾರಿ, ಮೇ ತಿಂಗಳ ಮಧ್ಯಾಹ್ನ. ಯಾದಗಿರಿ ಕಡೆಯಿಂದ ಕೆಲಸಕ್ಕೆ ಬಂದ ಮೂವತ್ತೈದರ ಗಂಡಸು ಬೆಳಗ್ಗೆಯಿಂದ ಸಿಮೆಂಟ್ ಚೀಲ ಹೊತ್ತಿದ್ದಾನೆ. ಎರಡು ಗಂಟೆಯ ಹೊತ್ತಿಗೆ ಅವನ ಮಾತು ತೊದಲಿತು. ಇಲ್ಲದ ಏಣಿ ಹತ್ತಲು ಹೋದ, ಅಂಗಿ ಕಿತ್ತೆಸೆದ, ಕುಸಿದು ಬಿದ್ದ. ಮೈ ಮುಟ್ಟಿ ನೋಡಿದ ಮೇಸ್ತ್ರಿ ಹೇಳುವುದು ಇಷ್ಟೇ: “ಮೈ ಕೆಂಡ ಆಗ್ಯಾದ, ಉರಿ ಬಂದಾವ. ಒಂದು ಗುಳಿಗಿ ಕೊಟ್ಟು ನೆರಳಾಗ ಮಲಗಸ್ರಿ.” ಅವನನ್ನು ಮಲಗಿಸಲಾಗುತ್ತದೆ. ಮುಕ್ಕಾಲು ಗಂಟೆ ಕಳೆದ ಮೇಲೆ ಆಟೋ ಹುಡುಕಲಾಗುತ್ತದೆ. ಹತ್ತಿರದ ದವಾಖಾನೆಯಲ್ಲಿ ಜ್ವರದ ಇಂಜೆಕ್ಷನ್ ಕೊಟ್ಟು, ಒಂದು ಸಲೈನ್ ಬಾಟಲಿ ಏರಿಸಿ, ದೊಡ್ಡ ಆಸ್ಪತ್ರೆಗೆ ಚೀಟಿ ಬರೆಯಲಾಗುತ್ತದೆ.

ಹುಡುಗಿ ಮೂರು ದಿನದಲ್ಲಿ ಎದ್ದು ಆಡುತ್ತಾಳೆ, ಅಪ್ಪ ಅಮ್ಮ ಮಾಡಿದ ತಪ್ಪು ಅವಳಿಗೆ ಒಂದು ರಾತ್ರಿಯ ಹಿಂಸೆ ಮಾತ್ರ. ಆ ಕೂಲಿಯವನು ಬದುಕುವುದು ಅನುಮಾನ. ಇಬ್ಬರಿಗೂ ಇದ್ದದ್ದು ಒಂದೇ 104 ಎಂದು ಯಾರಾದರೂ ಹೇಳಿದರೆ, ನೆರೆಯಲ್ಲಿ ಕೊಚ್ಚಿಹೋಗುತ್ತಿರುವವನಿಗೂ ಬೇಕೆಂದೇ ಈಜಲು ಇಳಿದವನಿಗೂ ಮೈ ಒದ್ದೆಯಾಗಿದೆ, ಹಾಗಾಗಿ ಇಬ್ಬರ ಸ್ಥಿತಿಯೂ ಒಂದೇ ಎಂದಂತೆ.

ಮಿದುಳಿನ ಬುಡದಲ್ಲಿ, ಬಾದಾಮಿ ಗಾತ್ರದ ಹೈಪೋಥಲಾಮಸ್ ಎಂಬ ಭಾಗವಿದೆ. ರಕ್ತದ ಬಿಸಿಯನ್ನು ಅಳೆಯುವ ನರಕೋಶಗಳು ಅದರ ಮುಂಭಾಗದಲ್ಲಿವೆ, ಚರ್ಮದಿಂದ ಬರುವ ಬಿಸಿ ತಂಪಿನ ಸುದ್ದಿಯೂ ಅಲ್ಲಿಗೇ ತಲುಪುತ್ತದೆ. ಮೈ ಎಷ್ಟು ಬಿಸಿ ಇರಬೇಕು ಎಂಬ ಒಂದು ಗುರಿಯನ್ನು ಅದು ಹಿಡಿದುಕೊಂಡಿರುತ್ತದೆ, ಮಾಮೂಲಾಗಿ 98.6ರ ಆಸುಪಾಸು. ವೈದ್ಯರು ಇದನ್ನು ಸೆಟ್ ಪಾಯಿಂಟ್ ಎನ್ನುತ್ತಾರೆ, ಇಲ್ಲಿ ಗುರಿಮಟ್ಟ ಎಂದರೆ ಸಾಕು. ಮೈ ಗುರಿಮಟ್ಟಕ್ಕಿಂತ ತಣ್ಣಗಾದರೆ ಚರ್ಮದ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ, ಸ್ನಾಯುಗಳು ನಡುಗಿ ಶಾಖ ಹುಟ್ಟಿಸುತ್ತವೆ, ಮನುಷ್ಯ ಹೊದಿಕೆ ಹುಡುಕುತ್ತಾನೆ. ಮೈ ಗುರಿಮಟ್ಟಕ್ಕಿಂತ ಬಿಸಿಯಾದರೆ ರಕ್ತನಾಳಗಳು ಅಗಲವಾಗಿ ಚರ್ಮ ಕೆಂಪೇರುತ್ತದೆ, ಬೆವರು ಹರಿಯುತ್ತದೆ, ಮನುಷ್ಯ ನೆರಳು ಹುಡುಕುತ್ತಾನೆ.

ಜ್ವರದಲ್ಲಿ ಬದಲಾಗುವುದು ಗುರಿಮಟ್ಟವೇ. ರೋಗಾಣು ಒಳಹೊಕ್ಕಾಗ ರಕ್ಷಣಾ ಕೋಶಗಳು ರಕ್ತಕ್ಕೆ ಕೆಲವು ಸಂಕೇತಗಳನ್ನು ಬಿಡುತ್ತವೆ. ಅವು ಮಿದುಳಿನ ರಕ್ತನಾಳಗಳನ್ನು ತಲುಪಿದಾಗ ಅಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತು ತಯಾರಾಗುತ್ತದೆ. ಅದು ಹೈಪೋಥಲಾಮಸ್ಸಿನ ನರಕೋಶಗಳಿಗೆ ಅಂಟಿಕೊಂಡು ಗುರಿಮಟ್ಟವನ್ನು 98.6ರಿಂದ 103ಕ್ಕೋ 104ಕ್ಕೋ ಏರಿಸುತ್ತದೆ. ಪುಣೆಯ ಹುಡುಗಿಗೆ 101 ಡಿಗ್ರಿಯಲ್ಲೂ ಚಳಿಯಾಗಿದ್ದು ಇದಕ್ಕೇ. ಗುರಿ 104 ಆಗಿರುವ ಮಿದುಳಿಗೆ 101 ಎಂದರೆ ಮೂರು ಡಿಗ್ರಿ ಕೊರತೆ. ಆ ಕೊರತೆ ತುಂಬಲು ಅವಳ ದೇಹ ಕೈಕಾಲಿನ ರಕ್ತವನ್ನು ಒಳಕ್ಕೆ ಎಳೆದುಕೊಂಡಿತು, ಸ್ನಾಯುಗಳನ್ನು ನಡುಗಿಸಿತು, ಅವಳ ಬಾಯಿಂದ ಹೊದಿಕೆ ಕೇಳಿಸಿತು. ಆ ಎಲ್ಲವೂ ಕೆಟ್ಟುಹೋದ ಯಂತ್ರದ ಲಕ್ಷಣಗಳಲ್ಲ, ಆಜ್ಞೆ ಪಾಲಿಸುತ್ತಿರುವ ಯಂತ್ರದ ಲಕ್ಷಣಗಳು.

ಇದು ಬರೀ ವಾದವಲ್ಲ, ಪ್ರಯೋಗದಲ್ಲಿ ಕಂಡ ಮಾತು. 1973ರಲ್ಲಿ ಸ್ಟಿಟ್ ಎಂಬ ವಿಜ್ಞಾನಿ ಮೊಲಗಳ ಹೈಪೋಥಲಾಮಸ್ಸಿಗೇ ನೇರವಾಗಿ ಪ್ರೋಸ್ಟಾಗ್ಲಾಂಡಿನ್ ಚುಚ್ಚಿ, ಅವುಗಳನ್ನು ಚಳಿಯ ಕೋಣೆಯಲ್ಲೂ ಬಿಸಿ ಕೋಣೆಯಲ್ಲೂ ಇಟ್ಟು ನೋಡಿದರು. ಚಳಿಯಲ್ಲಿದ್ದ ಮೊಲಗಳು ಒಳಗೆ ಹೆಚ್ಚು ಶಾಖ ಹುಟ್ಟಿಸಿ ಜ್ವರ ಏರಿಸಿಕೊಂಡವು. ಬಿಸಿ ಕೋಣೆಯ ಮೊಲಗಳು ಶಾಖ ಹೊರಹೋಗುವ ದಾರಿ ಮುಚ್ಚಿ ಏರಿಸಿಕೊಂಡವು. ದಾರಿ ಬೇರೆ ಬೇರೆ, ಏರಿದ ಎತ್ತರ ಮಾತ್ರ ಹೆಚ್ಚುಕಡಿಮೆ ಒಂದೇ. ಹೊರಗಿನ ಹವಾ ಹೇಗಿದ್ದರೂ ದೇಹ ತಾನು ಹಿಡಿದ ಗುರಿಯನ್ನೇ ಮುಟ್ಟಿತು. ಅದೇ ಕಾಲದಲ್ಲಿ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಮರುಭೂಮಿಯ ಇಗುವಾನಾ ಓತಿಗಳಲ್ಲಿ ಇನ್ನೂ ಸೋಜಿಗದ್ದನ್ನು ತೋರಿಸಿದರು. ಓತಿಗೆ ತನ್ನೊಳಗೆ ಶಾಖ ಹುಟ್ಟಿಸಿಕೊಳ್ಳುವ ಶಕ್ತಿಯಿಲ್ಲ. ಆದರೂ ಸೋಂಕು ತಗುಲಿದ ಓತಿಗಳು ಹೆಚ್ಚು ಬಿಸಿಯಾದ ಜಾಗಕ್ಕೆ ತಾವೇ ಹೋಗಿ ಕುಳಿತು ಜ್ವರ ತಂದುಕೊಂಡವು. ಸೋಂಕಿನ ನಂತರ ತಂಪು ಜಾಗದಲ್ಲಿ ಕೂಡಿಹಾಕಿದ ಓತಿಗಳು ಸತ್ತದ್ದೇ ಹೆಚ್ಚು, ಬಿಸಿ ಜಾಗದಲ್ಲಿದ್ದವು ಬದುಕಿದ್ದೇ ಹೆಚ್ಚು. ಜ್ವರ ಎಂದರೆ ದೇಹ ಬೇಕೆಂದೇ ಏರುವ ಮೆಟ್ಟಿಲು.

ಪ್ಯಾರಾಸಿಟಮಾಲ್ ಕೆಲಸ ಮಾಡುವುದು ಈ ಮೆಟ್ಟಿಲಿನ ಮೇಲೆ, ಅಲ್ಲಿ ಮಾತ್ರ. ಆಸ್ಪಿರಿನ್ ಜಾತಿಯ ಮದ್ದುಗಳು ಪ್ರೋಸ್ಟಾಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತವೆ ಎಂದು 1971ರಲ್ಲಿ ಜಾನ್ ವೇನ್ ತೋರಿಸಿದರು, 1982ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಪ್ಯಾರಾಸಿಟಮಾಲ್ ಕೂಡ ಮಿದುಳಿನಲ್ಲಿ ಆ ತಯಾರಿಕೆಯನ್ನು ತಗ್ಗಿಸಿ ಜ್ವರ ಇಳಿಸುತ್ತದೆ. ಪ್ರೋಸ್ಟಾಗ್ಲಾಂಡಿನ್ ಕಡಿಮೆಯಾದಾಗ ಗುರಿಮಟ್ಟ ಕೆಳಗಿಳಿಯುತ್ತದೆ. ಆಗ ಮೈ ತಾನೇ ಬೆವರಿ ತಣ್ಣಗಾಗುತ್ತದೆ. ಮಾತ್ರೆ ನುಂಗಿದ ಒಂದು ಗಂಟೆಗೆ ಮಗುವಿನ ಹಣೆ ಬೆವರುವುದು ಇದರ ಗುರುತು. ಮಾತ್ರೆಯಲ್ಲಿ ತಂಪು ಎಂಬುದಿಲ್ಲ, ತಣಿಸುವ ಕೆಲಸವನ್ನು ದೇಹವೇ ಮಾಡಿಕೊಳ್ಳುತ್ತದೆ.

ಈಗ ಕೂಲಿಯವನ ಕಡೆ ಬನ್ನಿ. ಅವನ ಗುರಿಮಟ್ಟ ಎಲ್ಲಿತ್ತು? 98.6ರಲ್ಲೇ ಇತ್ತು. ಅವನ ಹೈಪೋಥಲಾಮಸ್ ಬೆಳಗ್ಗೆಯಿಂದ ತಣಿಸು ತಣಿಸು ಎಂದು ಕೂಗುತ್ತಲೇ ಇತ್ತು, ದೇಹದ ಕೈಲಿ ಆಗಲಿಲ್ಲ. ಮೇ ತಿಂಗಳಲ್ಲಿ ತಾರಸಿಯ ಟ್ಯಾಂಕಿನ ನೀರು ಬಿಸಿಲಿಗೆ ಕಾದು ನಲ್ಲಿಯಲ್ಲಿ ಕೈ ಸುಡುವಂತೆ ಬರುತ್ತದೆ. ಆಗ ಬಚ್ಚಲುಮನೆಗೆ ಹೋಗಿ ಗೀಸರಿನ ಗುಂಡಿಯನ್ನು ಕೆಳಕ್ಕೆ ತಿರುಗಿಸಿದರೆ ನೀರು ತಣ್ಣಗಾಗುತ್ತದೆಯೇ? ಗೀಸರ್ ಆಗಲೇ ಆಫ್ ಆಗಿದೆ. ಬಿಸಿಲಿಗೆ ಕುಸಿದವನಿಗೆ ಪ್ಯಾರಾಸಿಟಮಾಲ್ ಕೊಡುವುದು ಆ ಗುಂಡಿ ತಿರುಗಿಸುವ ಕೆಲಸ. ಬರೀ ನಿರುಪಯೋಗ ಎಂದು ಬಿಡುವಂತೆಯೂ ಇಲ್ಲ. ವಿಪರೀತ ಕಾವಿನಿಂದ ಯಕೃತ್ತು ಆಗಲೇ ಪೆಟ್ಟು ತಿಂದಿರುತ್ತದೆ, ಪ್ಯಾರಾಸಿಟಮಾಲನ್ನು ಅರಗಿಸುವ ಭಾರವೂ ಅದರ ಮೇಲೇ ಬೀಳುತ್ತದೆ. ಇಂಥವರಲ್ಲಿ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಹದಗೆಡುತ್ತದೆ, ಆಸ್ಪಿರಿನ್ ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಎಲ್ಲಕ್ಕಿಂತ ದೊಡ್ಡ ಹಾನಿಯೆಂದರೆ, ಮದ್ದು ಕೊಟ್ಟಾಯಿತು ಎಂಬ ಸಮಾಧಾನದಲ್ಲಿ ಕಳೆದುಹೋಗುವ ಆ ಮುಕ್ಕಾಲು ಗಂಟೆ.

ಆ ಮುಕ್ಕಾಲು ಗಂಟೆಯ ಬೆಲೆ ತಿಳಿಯಲು ಸಣ್ಣ ಲೆಕ್ಕವೊಂದು ಸಾಕು. ಲೆಕ್ಕಕ್ಕೆ ಸೆಲ್ಸಿಯಸ್ ಅನುಕೂಲ: 98.6 ಎಂದರೆ 37, 104 ಎಂದರೆ 40. ಅರವತ್ತು ಕೆಜಿ ತೂಕದ ದೇಹವನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಮಾಡಲು ಸುಮಾರು 50 ಕಿಲೋಕ್ಯಾಲೊರಿ ಶಾಖ ಸಾಕು. ಚೀಲ ಹೊರುವಂಥ ಕೆಲಸದಲ್ಲಿ ದೇಹ ಗಂಟೆಗೆ 300 ಕಿಲೋಕ್ಯಾಲೊರಿಯಷ್ಟು ಶಾಖ ಹುಟ್ಟಿಸುತ್ತದೆ. ಅದು ಒಂದಿಷ್ಟೂ ಹೊರಹೋಗದಿದ್ದರೆ ಒಂದೇ ಗಂಟೆಯಲ್ಲಿ ಮೈ ಆರು ಡಿಗ್ರಿ ಏರಬೇಕು. ಏರದಂತೆ ಕಾಯುವುದು ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಹೊತ್ತೊಯ್ಯುತ್ತದೆ. ಆವಿಯಾಗದೆ ತೊಟ್ಟಿಕ್ಕಿದರೆ ಏನೂ ಒಯ್ಯುವುದಿಲ್ಲ. ಮುಂಬೈ, ಚೆನ್ನೈಗಳ ತೇವದ ಹವೆ 42 ಡಿಗ್ರಿ ಮುಟ್ಟದೆಯೂ ಕೊಲ್ಲುವುದು ಹೀಗೆ. ಹೈದರಾಬಾದಿನ ಮೇ ತಿಂಗಳಲ್ಲಿ ಗಾಳಿಯೇ ಚರ್ಮಕ್ಕಿಂತ ಬಿಸಿ, ಬಿಸಿಲು ಬೇರೆ. ಅವು ಮೈಯಿಂದ ಶಾಖ ಪಡೆಯುವುದಿಲ್ಲ, ಮೈಗೇ ಕೊಡುತ್ತವೆ.

ಕುಡಿಯಲು ನೀರು ಸಾಲದೆ, ಬೆವರು ತಗ್ಗಿ, ಗಂಟೆಗೆ ಬರೀ 100 ಕಿಲೋಕ್ಯಾಲೊರಿ ಒಳಗೇ ಉಳಿಯಿತು ಎಂದಿಟ್ಟುಕೊಳ್ಳಿ. ಗಂಟೆಗೆ ಎರಡು ಡಿಗ್ರಿಯಂತೆ, ಎರಡೂಕಾಲು ಗಂಟೆಯಲ್ಲಿ 37 ಇದ್ದದ್ದು 41.5 ಆಗುತ್ತದೆ. ಅಷ್ಟು ಕಾವಿನಲ್ಲಿ ಮಿದುಳು, ಯಕೃತ್ತು, ಮೂತ್ರಪಿಂಡ, ಸ್ನಾಯುಗಳ ಕೋಶಗಳು ಹಾಳಾಗತೊಡಗುತ್ತವೆ. ಎಷ್ಟು ಹಾಳಾಗುತ್ತವೆ ಎಂಬುದು ಕಾವು ಎಷ್ಟು ಏರಿತ್ತು ಎನ್ನುವುದಕ್ಕಿಂತ ಎಷ್ಟು ಹೊತ್ತು ಅಲ್ಲೇ ನಿಂತಿತ್ತು ಎನ್ನುವುದರ ಮೇಲೆ ಹೆಚ್ಚು ನಿಂತಿದೆ. ಅರ್ಧ ಗಂಟೆಯೊಳಗೆ 40ರ ಕೆಳಗೆ ತರಬೇಕು ಎಂಬ ನಿಯಮ ಹುಟ್ಟಿದ್ದು ಇದರಿಂದ.

ಹಾಗಾದರೆ ಎಷ್ಟು ಶಾಖ ತೆಗೆಯಬೇಕು? 41.5ರಿಂದ 39ಕ್ಕೆ, ಅಂದರೆ ಎರಡೂವರೆ ಡಿಗ್ರಿ, 125 ಕಿಲೋಕ್ಯಾಲೊರಿ. ಒಂದು ಕೆಜಿ ಮಂಜುಗಡ್ಡೆ ಕರಗುವಾಗ 80 ಕಿಲೋಕ್ಯಾಲೊರಿ ಹೀರುತ್ತದೆ. ಬರೀ ಶಾಖದ ಲೆಕ್ಕದಲ್ಲಿ ಎರಡು ಕೆಜಿಗೂ ಕಡಿಮೆ ಐಸ್ ಸಾಕು. ನೀರನ್ನೂ ತೊಟ್ಟಿಯನ್ನೂ ತಣ್ಣಗಿಡಬೇಕಾದ್ದರಿಂದ ನಿಜದಲ್ಲಿ ಹಲವು ಪಟ್ಟು ಬೇಕಾಗುತ್ತದೆ, ಆದರೂ ಅದು ರಸ್ತೆ ಬದಿಯ ಕಬ್ಬಿನಹಾಲಿನ ಗಾಡಿಯಲ್ಲಿ ಸಿಗುವಷ್ಟೇ. ಐಸ್ ನೀರಿನಲ್ಲಿ ಮುಳುಗಿಸಿದ ಮೈ ನಿಮಿಷಕ್ಕೆ ಸುಮಾರು 0.2 ಡಿಗ್ರಿ ಇಳಿಯುತ್ತದೆ, ಹನ್ನೆರಡು ಹದಿಮೂರು ನಿಮಿಷದ ಕೆಲಸ. ನಲ್ಲಿ ನೀರು ಸುರಿದು ಜೋರಾಗಿ ಗಾಳಿ ಬೀಸಿದರೆ ಇದರ ಅರ್ಧ ಅಥವಾ ಕಾಲು ವೇಗ. ನೆರಳಿನಲ್ಲಿ ಗುಳಿಗೆ ನುಂಗಿಸಿ ಮಲಗಿಸಿದರೆ ಹೆಚ್ಚುಕಡಿಮೆ ಸೊನ್ನೆ.

ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಪ್ರತಿ ಆಗಸ್ಟಿನಲ್ಲಿ ಫಾಲ್ಮತ್ ಎಂಬ ಓಟದ ಸ್ಪರ್ಧೆ ನಡೆಯುತ್ತದೆ. ಹದಿನೆಂಟು ವರ್ಷಗಳ ದಾಖಲೆಯಲ್ಲಿ 274 ಓಟಗಾರರು ಶ್ರಮದ ಬಿಸಿಲಾಘಾತಕ್ಕೆ ಒಳಗಾದರು, ಸರಾಸರಿ ಒಳಮೈ ಕಾವು 41ರ ಮೇಲಿತ್ತು. ಗುರಿಗೆರೆಯ ಪಕ್ಕದ ಡೇರೆಯಲ್ಲೇ ಐಸ್ ನೀರಿನ ತೊಟ್ಟಿಗಳಿದ್ದವು. 274 ಮಂದಿಯೂ ಬದುಕಿದರು. ಅವರು ಆರೋಗ್ಯವಂತ ಓಟಗಾರರು, ಕುಸಿದ ಕೆಲವೇ ನಿಮಿಷಗಳಲ್ಲಿ ತೊಟ್ಟಿಗೆ ಇಳಿದವರು, ಎಲ್ಲ ರೋಗಿಗಳಿಗೂ ಇದೇ ಫಲ ಸಿಗುತ್ತದೆ ಎನ್ನಲಾಗದು. ಆದರೆ ಚೀಲ ಹೊರುವ ಮೂವತ್ತೈದರ ಗಂಡಸು ಆ ಓಟಗಾರರಿಗೆ ತೀರ ಹತ್ತಿರದವನು. ಅವನಿಗೂ ಅವರಿಗೂ ಇರುವ ವ್ಯತ್ಯಾಸ ಒಂದು ತೊಟ್ಟಿ.

ಅಲ್ಲಿಯ ಕ್ರೀಡಾ ವೈದ್ಯರ ಸೂತ್ರ ಸರಳ: ಮೊದಲು ತಣಿಸು, ಆಮೇಲೆ ಸಾಗಿಸು. ನಮ್ಮಲ್ಲಿ ನಡೆಯುವುದು ತಲೆಕೆಳಗಾಗಿ, ಮೊದಲು ಮಾತ್ರೆ, ಆಮೇಲೆ ಆಟೋ, ಆಮೇಲೆ ಚೀಟಿ, ಕೊನೆಗೆ ತಣಿಸುವಿಕೆ, ಅದೂ ಇದ್ದರೆ. 2024ರ ಬೇಸಿಗೆಯಲ್ಲಿ ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆ ಬಿಸಿಲಾಘಾತಕ್ಕೆಂದೇ ಒಂದು ಘಟಕ ತೆರೆದಾಗ ಅದರ ಮುಖ್ಯ ಸಲಕರಣೆ ಸ್ನಾನದ ತೊಟ್ಟಿ ಮತ್ತು ಐಸ್ ಯಂತ್ರ. ಅದನ್ನು ಹೊಸತನವೆಂದು ಪತ್ರಿಕೆಗಳು ಬರೆದವು. ಅದು ಹೊಗಳಬೇಕಾದ ಕೆಲಸವೇ ಸರಿ. ಆದರೆ ತೊಟ್ಟಿಯೂ ಐಸೂ ರಾಜಧಾನಿಯಲ್ಲೇ 2024ರಲ್ಲಿ ಸುದ್ದಿಯಾದವು ಎಂದರೆ, ಉಳಿದ ಊರುಗಳ ತುರ್ತು ಕೋಣೆಗಳಲ್ಲಿ ಏನಿದೆ ಎಂದು ಕೇಳಬೇಕಲ್ಲವೇ? ಅದರ ಹಿಂದಿನ ವರ್ಷ, ಏಪ್ರಿಲ್ 16ರಂದು, ನವಿ ಮುಂಬೈನ ಖಾರ್ಘರ್‌ನಲ್ಲಿ ಬಯಲಲ್ಲಿ ನಡೆದ ಪ್ರಶಸ್ತಿ ಸಮಾರಂಭಕ್ಕೆ ಬಂದು ಗಂಟೆಗಟ್ಟಲೆ ಬಿಸಿಲಿನಲ್ಲಿ ಕುಳಿತವರಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಅವರು ಚೀಲ ಹೊತ್ತವರೂ ಅಲ್ಲ.

ಅವರ ಸಾವು ಲೆಕ್ಕಕ್ಕೆ ಸಿಕ್ಕಿದ್ದು ಎಲ್ಲರೂ ಒಂದೇ ಬಯಲಲ್ಲಿ ಇದ್ದುದರಿಂದ. ಒಬ್ಬೊಬ್ಬರಾಗಿ ಸತ್ತವರ ಕಾಗದದಲ್ಲಿ ಜ್ವರ ಎಂದೋ ಹೃದಯ ನಿಂತಿತು ಎಂದೋ ಬರೆದರೆ ಮುಗಿಯಿತು. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಸಾವುಗಳನ್ನು ಅದರ ಹಿಂದಿನ ಮತ್ತು ಮುಂದಿನ ವರ್ಷದ ಮೇ ಜೊತೆ ಹೋಲಿಸಿದಾಗ 1,344 ಸಾವು ಹೆಚ್ಚಾಗಿದ್ದವು ಎಂದು ಸಂಶೋಧಕರು ಕಂಡರು. ಕಳೆಯುವ ಲೆಕ್ಕ ಮಾಡಿದಾಗಲೇ ಆ ಜನ ಕಣ್ಣಿಗೆ ಬಿದ್ದದ್ದು. ಮೂರು ವರ್ಷದ ನಂತರ ಆ ನಗರ ಬಿಸಿಲಿಗಾಗಿ ಯೋಜನೆಯೊಂದನ್ನು ತಂದಿತು. ಬಿಸಿಲಾಘಾತಕ್ಕೆ ಜ್ವರದ ಹೆಸರಿಟ್ಟರೆ ರೋಗಿಗೆ ತಪ್ಪು ಮದ್ದು ಸಿಗುತ್ತದೆ, ಊರಿಗೆ ತಪ್ಪು ಅಂಕಿ ಸಿಗುತ್ತದೆ.

ಇದಕ್ಕೆ ವೈದ್ಯರ ಕಡೆಯಿಂದ ಎರಡು ಆಕ್ಷೇಪಣೆಗಳಿವೆ, ಎರಡೂ ತಳ್ಳಿಹಾಕುವಂಥವಲ್ಲ.

ಮೊದಲನೆಯದು: ಪ್ರಜ್ಞೆ ತಪ್ಪಿ, ಮೈ ಸುಡುತ್ತ ಬಂದವನಿಗೆ ಮಲೇರಿಯಾವೋ ಮಿದುಳಿನ ಸೋಂಕೋ ಇರಬಹುದು, ಮೊದಲ ಹತ್ತು ನಿಮಿಷದಲ್ಲಿ ಹೇಗೆ ಗೊತ್ತಾಗಬೇಕು? ನಿಜ, ಖಚಿತವಾಗಿ ಗೊತ್ತಾಗದು. ಬೆವರು ನಿಂತು ಚರ್ಮ ಒಣಗಿದ್ದರೆ ಮಾತ್ರ ಬಿಸಿಲಾಘಾತ ಎಂಬ ಹಳೆಯ ಪಾಠವೂ ಸುಳ್ಳು, ದುಡಿಯುತ್ತ ಕುಸಿದವರು ಬೆವರುತ್ತಲೇ ಇರಬಹುದು. ಕಂಕುಳಿನ ಥರ್ಮಾಮೀಟರ್ ಒಳಮೈಯ ಕಾವಿಗಿಂತ ಕಡಿಮೆ ತೋರಿಸುತ್ತದೆ, ಸರಿಯಾದ ಅಳತೆ ಗುದದ್ವಾರದ್ದು. ಆದರೆ ಗೊತ್ತಾಗದಿರುವಾಗ ಯಾವ ತಪ್ಪು ಅಗ್ಗ ಎಂದು ಕೇಳಬಹುದು. 104ರ ಮೇಲಿದ್ದು ಮತಿ ತಪ್ಪಿರುವ ಸೋಂಕಿನ ರೋಗಿಯನ್ನು ಕಾಲು ಗಂಟೆ ತಣಿಸಿದರೆ ಆಗುವ ನಷ್ಟ ಸ್ವಲ್ಪ, ರಕ್ತಪರೀಕ್ಷೆಯೂ ಆಂಟಿಬಯೋಟಿಕ್ಕೂ ಅದರ ಜೊತೆಯಲ್ಲೇ ನಡೆಯಬಹುದು. ಬಿಸಿಲಾಘಾತದವನನ್ನು ಪರೀಕ್ಷೆಯ ಫಲ ಬರುವವರೆಗೆ ಕಾಯಿಸಿದರೆ ಆಗುವ ನಷ್ಟ ಜೀವ. ಬಿಸಿಲಲ್ಲಿ ಅಥವಾ ದುಡಿಮೆಯಲ್ಲಿ ಇದ್ದವನು, ಒಳಮೈ 104 ದಾಟಿದವನು, ಮಾತು ನಡೆ ಕೆಟ್ಟವನು, ಈ ಮೂರೂ ಕೂಡಿದರೆ ತಣಿಸಲು ಇನ್ನೊಂದು ಪುರಾವೆ ಬೇಕಿಲ್ಲ.

ಎರಡನೆಯದು ಹೆಚ್ಚು ಪಾಂಡಿತ್ಯದ್ದು: ಹೈಪೋಥಲಾಮಸ್ಸಿನಲ್ಲಿ ಗುರಿಮಟ್ಟ ಬರೆದಿಟ್ಟ ಗುಂಡಿಯೇನೂ ಇಲ್ಲ, ನಡುಕಕ್ಕೆ, ಬೆವರಿಗೆ, ರಕ್ತನಾಳಕ್ಕೆ ಬೇರೆ ಬೇರೆ ಸರ್ಕೀಟುಗಳಿವೆ, ಒಂದೊಂದಕ್ಕೂ ಅದರದೇ ಹೊಸ್ತಿಲಿದೆ. ಜೊತೆಗೆ ತೀವ್ರ ಬಿಸಿಲಾಘಾತದಲ್ಲೂ ಕರುಳಿನ ಗೋಡೆ ಸೋರಿ, ಉರಿಯೂತದ ಸಂಕೇತಗಳು ರಕ್ತಕ್ಕೆ ಸೇರುತ್ತವೆ, ಹಾಗಾಗಿ ಎರಡರ ನಡುವಿನ ಗೆರೆ ಅಷ್ಟು ನೇರವಲ್ಲ. ಇದೂ ನಿಜ. ಗುರಿಮಟ್ಟ ಎಂಬುದು ಆ ಹಲವು ಹೊಸ್ತಿಲುಗಳು ಒಟ್ಟಿಗೆ ಮೇಲೆ ಕೆಳಗೆ ಸರಿಯುವುದಕ್ಕೆ ಇಟ್ಟ ಒಂದು ಹೆಸರು. ಆದರೆ ಜ್ವರದಲ್ಲಿ ಅವು ಮೇಲಕ್ಕೆ ಸರಿಯುತ್ತವೆ, ಬಿಸಿಲಿನಲ್ಲಿ ಮೈ ಅವುಗಳನ್ನು ಮೀರಿ ಹೋಗುತ್ತದೆ ಎಂಬ ಮಾತು ಇದರಿಂದ ಅಲುಗುವುದಿಲ್ಲ. ಬಿಸಿಲಾಘಾತದವರನ್ನು ಜ್ವರದ ಮಾತ್ರೆ ಉಳಿಸುತ್ತದೆ ಎಂಬುದಕ್ಕೆ ಪುರಾವೆಯೂ ಇದರಿಂದ ಹುಟ್ಟುವುದಿಲ್ಲ.

ಅಂಕಿಗಿಂತ ಚೆನ್ನಾಗಿ ಗುರಿಮಟ್ಟವನ್ನು ಹೇಳುವ ಸಾಕ್ಷಿ ರೋಗಿಯೇ. ಜ್ವರ ಏರುತ್ತಿರುವವಳು ಹೊದಿಕೆ ಕೇಳುತ್ತಾಳೆ, ಬಿಸಿಲು ಬಡಿದವನು ಅಂಗಿ ಕೀಳುತ್ತಾನೆ. ಪುಣೆಯ ಆ ಮನೆಯಲ್ಲಿ ಫೋನಿನ ಇನ್ನೊಂದು ತುದಿಯಲ್ಲಿದ್ದ ದಾವಣಗೆರೆಯ ಅಜ್ಜಿ, “ಚಳಿ ಚಳಿ ಅಂತ ಅಳ್ತಾ ಇದ್ರೆ ಒಂದು ತೆಳು ದುಪ್ಪಟಿ ಹೊದಿಸೇ” ಎಂದಿದ್ದರೆ ಅವರ ಮಾತೇ ಸರಿ. ಗುರಿ 104ರಲ್ಲಿರುವ ಮಗುವಿಗೆ ಐಸಿನಂಥ ನೀರು ಒರೆಸಿದರೆ ಚರ್ಮದ ರಕ್ತನಾಳಗಳು ಇನ್ನೂ ಬಿಗಿಯುತ್ತವೆ, ನಡುಕ ಹೆಚ್ಚುತ್ತದೆ, ದೇಹ ಇನ್ನಷ್ಟು ಶಾಖ ಹುಟ್ಟಿಸುತ್ತದೆ. ಜ್ವರದಲ್ಲಿ ಮಗು ಸಂಕಟಪಡುತ್ತಿದ್ದರೆ ಕೆಜಿ ತೂಕಕ್ಕೆ 15 ಮಿಲಿಗ್ರಾಂ ಲೆಕ್ಕದಲ್ಲಿ ಪ್ಯಾರಾಸಿಟಮಾಲ್, ಕುಡಿಯಲು ಸಾಕಷ್ಟು ನೀರು, ಇಷ್ಟೇ ಬೇಕು. ಮಗು ಬೆವರತೊಡಗಿದಾಗ ದುಪ್ಪಟಿ ತೆಗೆದರಾಯಿತು. ಸೋಂಕಿನ ಜ್ವರ ತಾನಾಗಿ 106 ದಾಟುವುದು ಅಪರೂಪ. ಕಾಯಬೇಕಾದ್ದು ಬೇರೆ ಗುರುತುಗಳನ್ನು: ಎಬ್ಬಿಸಿದರೂ ಏಳದ ಮಂಪರು, ಏದುಸಿರು, ನೀರು ಕುಡಿಯದಿರುವುದು, ಬಗ್ಗದ ಕುತ್ತಿಗೆ, ರಕ್ತದ ಚುಕ್ಕೆಗಳು. ಮೂರು ತಿಂಗಳೊಳಗಿನ ಕೂಸಿಗೆ 100.4 ಬಂದರೂ ಆಸ್ಪತ್ರೆಗೆ ಹೊರಡಬೇಕು.

ಅಂಕಿಯಂತೆಯೇ ನಡುಕವೂ ಮೋಸ ಮಾಡುತ್ತದೆ. ಜನವರಿಯ ದೆಹಲಿಯಲ್ಲಿ ಹೀಟರಿಲ್ಲದ ಕೋಣೆಯ ಎಂಬತ್ತರ ಮುದುಕರು ನಡುಗುತ್ತಿದ್ದರೆ ಚಳಿಜ್ವರವೆಂದು ಮಾತ್ರೆ ಕೊಡುವವರಿದ್ದಾರೆ. ಅವರ ಗುರಿ 98.6ರಲ್ಲೇ ಇದೆ, ಮೈ 94ಕ್ಕೆ ಇಳಿದಿದೆ. ಥರ್ಮಾಮೀಟರ್ ಇಟ್ಟು ನೋಡಿದರೆ ತಿಳಿಯುವ ಸಂಗತಿ. ಇನ್ನೂ ಇಳಿದು 90ರ ಕೆಳಗೆ ಹೋದಂತೆ ನಡುಕವೇ ನಿಲ್ಲುತ್ತಾ ಬರುತ್ತದೆ, ಮನೆಯವರು ಸುಧಾರಿಸಿತೆಂದು ನೆಮ್ಮದಿಪಡುತ್ತಾರೆ, ಆಗಲೇ ಹೃದಯದ ಬಡಿತ ತಪ್ಪುವ ಅಪಾಯ. ಬ್ರಾಂದಿ ಕುಡಿಸಿದರೆ ಚರ್ಮದ ರಕ್ತನಾಳಗಳು ತೆರೆದು ಬೆಚ್ಚಗಾದ ಭ್ರಮೆ ಬರುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತದೆ. ಒಣ ಬಟ್ಟೆ, ಕಂಬಳಿ, ಎದೆ ಹೊಟ್ಟೆಗೆ ಬಿಸಿ, ಆಸ್ಪತ್ರೆ, ಇವಿಷ್ಟು ಅವರಿಗೆ ಸಲ್ಲುವುದು. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಬೇಡ, ಅದರ ಹೊಗೆಯ ವಿಷಾನಿಲ ನಿದ್ದೆಯಲ್ಲೇ ಕೊಲ್ಲುತ್ತದೆ.

ಇನ್ನು ಹೈದರಾಬಾದಿನ ಆ ಕಾಮಗಾರಿ. ಅಲ್ಲಿ ನೀರಿನ ಡ್ರಮ್ಮು ಇತ್ತು, ಸಿಮೆಂಟ್ ಮುಚ್ಚುವ ತಾಡಪಾಲು ಇತ್ತು, ರಸ್ತೆಯಾಚೆ ಐಸ್ ಇತ್ತು, ಆರೆಂಟು ಗಟ್ಟಿ ಆಳುಗಳಿದ್ದರು. ಅವನನ್ನು ತಾಡಪಾಲಿನ ನಡುವೆ ಮಲಗಿಸಿ, ನಾಲ್ಕು ಜನ ಅಂಚುಗಳನ್ನು ಎತ್ತಿ ತೊಟ್ಟಿಲಿನಂತೆ ಹಿಡಿದು, ಒಬ್ಬ ತಲೆಯನ್ನು ನೀರಿನ ಮೇಲೆ ಹಿಡಿದುಕೊಂಡು, ಉಳಿದವರು ನೀರು ಐಸ್ ಸುರಿದು ಕಲಕಿದ್ದರೆ ಸಾಕಿತ್ತು. ಮಂಪರಿನಲ್ಲಿರುವವನ ಬಾಯಿಗೆ ನೀರು ಹುಯ್ಯಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಳಮೈ 102 ಡಿಗ್ರಿಗೆ ಇಳಿದಾಗ ನಿಲ್ಲಿಸಬೇಕು, ಅಳೆಯಲು ಏನೂ ಇಲ್ಲದಿದ್ದರೆ ಹತ್ತು ಹದಿನೈದು ನಿಮಿಷ. ಅಷ್ಟರಲ್ಲಿ 108ಕ್ಕೆ ಫೋನು ಮಾಡಿದವರಿಗೆ ಆಂಬುಲೆನ್ಸ್ ಬಂದಿರುತ್ತದೆ. ವಯಸ್ಸಾದವರಿಗೆ, ಹೃದ್ರೋಗಿಗಳಿಗೆ ಮುಳುಗಿಸುವ ಬದಲು ಮೈ ತುಂಬ ನೀರು ಸುರಿಯುತ್ತ ಬಿಡದೆ ಗಾಳಿ ಬೀಸಬೇಕು.

ಇದನ್ನು ಮಾಡಲು ಮೇಸ್ತ್ರಿಗೆ ವೈದ್ಯಕೀಯ ಓದು ಬೇಕಿಲ್ಲ. ಉರಿ ಬಂದದ್ದಲ್ಲ, ಬಿಸಿಲು ಬಡಿದದ್ದು ಎಂದು ಅವನಿಗೆ ಯಾರಾದರೂ ಹೇಳಿರಬೇಕು. ಹೇಳಬೇಕಾದವರು ಕಾಮಗಾರಿಯ ಗುತ್ತಿಗೆದಾರರು, ಎಂಜಿನಿಯರುಗಳು, ಹೌಸಿಂಗ್ ಸೊಸೈಟಿಯ ಪದಾಧಿಕಾರಿಗಳು, ಅವರಲ್ಲಿ ಕನ್ನಡ ಬಲ್ಲವರೂ ಎಲ್ಲ ಊರುಗಳಲ್ಲಿದ್ದಾರೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಪ್ಯಾರಾಸಿಟಮಾಲ್ ಪಟ್ಟಿ ಇಟ್ಟು ಕರ್ತವ್ಯ ಮುಗಿಯಿತೆಂದುಕೊಳ್ಳುವ ಅವರು, ಏಪ್ರಿಲ್ ಬರುವ ಮೊದಲು ಒಂದು ತಾಡಪಾಲನ್ನು ಇದಕ್ಕೆಂದೇ ಎತ್ತಿಡಲಿ, ಐಸ್ ಎಲ್ಲಿ ಸಿಗುತ್ತದೆ ಎಂದು ಗೋಡೆಯ ಮೇಲೆ ಬರೆಯಲಿ. ಬರೆ ಎಳೆಯಬೇಕಾದ್ದು ಯಾರಿಗೆ ಎಂಬುದನ್ನು ಎತ್ತು ಬಿದ್ದ ಮೇಲೆ ಯೋಚಿಸಿ ಪ್ರಯೋಜನವಿಲ್ಲ.